ಮೂರನೇ ಕಾಲಂನ ಭಾವ

ನಮ್ಮ ಭಾವನಿಗೆ ಗಿರಣಿಯಲ್ಲಿರುವ ಹೆಸರು ಮೂರನೇ ಕಾಲಂ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಬೆನ್ನು ತಿರುಗಿಸಿದರೆ ಸಾಕು. ಆ ಹೆಸರಿಟ್ಟವನು ನಾನೇ ಎಂದು ಅಕ್ಕನಿಗೆ ಅನುಮಾನ. ಅವಳ ಅನುಮಾನ ಸರಿಯಾಗಿಯೇ ಇದೆ.

ಅವನು ಗೋಧಿ ಬೀಸುವ ದೊಡ್ಡ ಗಿರಣಿಯ ರಿಪೇರಿ ವಿಭಾಗದಲ್ಲಿ ಸೂಪರ್‌ವೈಸರ್, ನಾನು ಅದೇ ವಿಭಾಗದ ಫಿಟ್ಟರ್. ಅಕ್ಕನ ಗಂಡ ಅಂತ ಎದುರಿಗೆ ‘ನೀವು’ ಅನ್ನುತ್ತೇನೆ. ಮನಸ್ಸಿನಲ್ಲಿ ಮಾತ್ರ ‘ಅವನು’. ಇಲ್ಲಿ ಮನಸ್ಸಿನಲ್ಲಿದ್ದಂತೆಯೇ ಬರೆಯುತ್ತೇನೆ.

ನಮ್ಮಲ್ಲಿ ಯಾವ ದೊಡ್ಡ ರಿಪೇರಿಗೂ ಮೊದಲು ಒಂದು ಸುರಕ್ಷತಾ ಹಾಳೆ ತಯಾರಾಗಬೇಕು. ಮೊದಲ ಕಾಲಂನಲ್ಲಿ ಕೆಲಸದ ಹಂತಗಳು, ಎರಡನೆಯದರಲ್ಲಿ ಆ ಹಂತದಲ್ಲಿ ಏನು ಅಪಾಯ, ಮೂರನೆಯದರಲ್ಲಿ ಅದನ್ನು ತಡೆಯಲು ಏನು ಮಾಡುತ್ತೇವೆ ಎಂಬುದು. ಹಾಳೆಯನ್ನು ಯಂತ್ರದ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಓದಬೇಕು, ಕೆಲಸಕ್ಕೆ ಕೈಹಾಕುವವರೆಲ್ಲ ಕೇಳಿಸಿಕೊಂಡು ಸಹಿ ಹಾಕಬೇಕು. ಭಾವ ಮೊದಲ ಎರಡು ಕಾಲಂ ಸರಸರ ಓದಿ, ಮೂರನೆಯದಕ್ಕೆ ಬಂದಾಗ ಕನ್ನಡಕ ಹಣೆಗೇರಿಸಿ ಎಲ್ಲರ ಮುಖ ನೋಡುತ್ತಾನೆ. ನೋಡಿದರೇ ಮೈ ಉರಿಯುತ್ತದೆ.

ಒಂದು ಸಲ ಹಾಳೆ ಬರೆಯುವ ಸರದಿ ನನ್ನದಾಗಿತ್ತು. ಮೂರನೇ ಕಾಲಂನಲ್ಲಿ ‘ಜಾಗ್ರತೆಯಿಂದ ಕೆಲಸ ಮಾಡುವುದು’ ಎಂದು ಬರೆದಿದ್ದೆ. ಅವನು ಎಲ್ಲರ ಮುಂದೆ ಅದರ ಮೇಲೆ ಕೆಂಪು ಗೆರೆ ಎಳೆದ.

“ಇದು ತಡೆ ಅಲ್ಲ, ಆಶೀರ್ವಾದ. ಬೆಳಿಗ್ಗೆ ಮನೆ ಬಿಡೋವಾಗ ನಿಮ್ಮಮ್ಮ ಹೇಳ್ತಾರೆ. ನೀನು ಯಾಕೆ ಬರೀತೀಯ?”

ಎಲ್ಲರೂ ನಕ್ಕರು. ಅಷ್ಟಕ್ಕೇ ಬಿಡಲಿಲ್ಲ. ರಿಪೇರಿ ನಡೆಯುವಾಗ ಯಾರೂ ಯಂತ್ರ ಚಾಲೂ ಮಾಡದಂತೆ ಪ್ರತಿಯೊಬ್ಬನೂ ಮೇನ್ ಸ್ವಿಚ್ಚಿಗೆ ತನ್ನದೇ ಬೀಗ ಹಾಕಬೇಕೆಂಬುದು ನಿಯಮ. ಮತ್ತೊಮ್ಮೆ ನನ್ನ ಬೀಗ ಹಾಕದೆ, ಜೊತೆಯವನ ಬೀಗ ಇದೆಯಲ್ಲ ಎಂದು ಕೆಲಸಕ್ಕಿಳಿದಿದ್ದಕ್ಕೆ ನನ್ನನ್ನು ಮನೆಗೆ ಕಳಿಸಿದ. ತಪ್ಪು ನನ್ನದೇ ಇರಬಹುದು. ಆದರೆ ಆ ವಾರವೇ ಅಕ್ಕನ ಮನೆಯಲ್ಲಿ, ನನ್ನ ಹೆಂಡತಿಯ ಎದುರಿಗೆ, “ನಿಮ್ಮ ಯಜಮಾನರಿಗೆ ಬೇರೆಯವರ ಬೀಗದ ಮೇಲೆ ಭಾರಿ ನಂಬಿಕೆ” ಎಂದು ಚುಚ್ಚಬೇಕಿತ್ತೇ? ಅಂದಿನಿಂದ ನಮ್ಮ ನಡುವೆ ಹಾಳೆ ಓದುವಾಗಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಅಕ್ಕನ ಮನೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತರೆ ಇಬ್ಬರೂ ಗೋಡೆ ನೋಡುತ್ತೇವೆ.

ಹೀಗಿರುವಾಗ ಬಕೆಟ್ ಎಲಿವೇಟರ್ ಕೆಟ್ಟು ನಿಂತಿತು. ಎತ್ತರದ ತಗಡಿನ ಗೂಡೊಳಗೆ ಸುತ್ತುವ ಬೆಲ್ಟು, ಅದಕ್ಕೆ ಸಾಲಾಗಿ ಬಿಗಿದ ಬಕೆಟ್‌ಗಳು. ಕೆಳಗೆ ಗೋಧಿ ತುಂಬಿಕೊಂಡು ಮೇಲೆ ಸುರಿಯುತ್ತವೆ. ಮೋಟರಿನಿಂದ ಬೆಲ್ಟನ್ನು ತಿರುಗಿಸುವ ಮೇಲಿನ ಗೇರ್‌ಬಾಕ್ಸಿನ ಬೇರಿಂಗ್ ಓಡುತ್ತಿದ್ದಂತೆಯೇ ಕಚ್ಚಿಕೊಂಡಿತ್ತು. ಗೇರ್‌ಬಾಕ್ಸ್ ಬದಲಿಸಬೇಕು. ಗಿರಣಿಯೇ ನಿಂತಿತ್ತು, ಮ್ಯಾನೇಜರ್ ಮೆಟ್ಟಿಲ ಬುಡದಲ್ಲಿ ಶತಪಥ ಹಾಕುತ್ತಿದ್ದ.

ಭಾವ ಹಾಳೆ ಹಿಡಿದು ಓದತೊಡಗಿದ. ನಾನು ಕಿವಿಗೊಟ್ಟು ಕೇಳಿದೆ. ಸುರಕ್ಷತೆಯ ಮೇಲಿನ ಭಕ್ತಿಯಿಂದಲ್ಲ, ಎಲ್ಲಾದರೂ ತಪ್ಪು ಸಿಕ್ಕೀತೇ ಎಂಬ ಹೊಟ್ಟೆಕಿಚ್ಚಿನಿಂದ. ಎರಡು ಹಂತ ಓದುವಷ್ಟರಲ್ಲಿ ಗುರುತು ಸಿಕ್ಕಿತು. ಹಿಂದೊಮ್ಮೆ ಒಡೆದ ಬಕೆಟ್‌ಗಳನ್ನು ಬದಲಿಸಿದಾಗ ಅವನೇ ಬರೆದಿದ್ದ ಹಾಳೆ ಅದು, ತಲೆಬರಹ ಮಾತ್ರ ಹೊಸದು. ಹಳೆಯ ಹಾಳೆ ನಕಲು ಮಾಡಿದರೆ ನಮ್ಮನ್ನು ಹುರಿದು ಮುಕ್ಕುವ ಮನುಷ್ಯ. ಬೇರೆಯವರು ಮಾಡಿದರೆ ನಕಲು, ತಾನು ಮಾಡಿದರೆ ಅನುಭವ.

ಆದರೆ ಒಂದು ಹಂತ ಕಾಣೆಯಾಗಿತ್ತು. ಹಳೆಯ ಹಾಳೆ ಶುರುವಾಗುತ್ತಿದ್ದುದೇ ‘ಬಕೆಟ್‌ಗಳು ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸುವುದು’ ಎಂದು. ಈಗ ಓಡಿಸುವುದು ಸಾಧ್ಯವಿರಲಿಲ್ಲ. ಆಗದ ಹಂತ ಯಾಕೆಂದು ಅದನ್ನು ಹೊಡೆದುಹಾಕಿದ್ದಾನೆ. ಅದರ ಜಾಗಕ್ಕೆ ಬೇರೇನೂ ಬರೆದಿಲ್ಲ.

ಅವನು ಮುಂದೆ ಓದಿದ. ಮೋಟರಿನ ಸ್ವಿಚ್ ಆರಿಸಿ ಎಲ್ಲರೂ ತಮ್ಮ ತಮ್ಮ ಬೀಗ ಹಾಕುವುದು. ಸ್ಟಾರ್ಟ್ ಬಟನ್ ಒತ್ತಿ ಚಾಲೂ ಆಗುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಗೇರ್‌ಬಾಕ್ಸಿಗೂ ಬೆಲ್ಟಿನ ಶಾಫ್ಟಿಗೂ ನಡುವಿನ ಜೋಡಣೆಯ ಬೋಲ್ಟ್ ಬಿಚ್ಚುವುದು. ಅಪಾಯ, ಬೆರಳು ಸಿಕ್ಕಿಕೊಳ್ಳುವುದು. ತಡೆ, ಕೈಗವಸು.

“ಅದೇ ಹೊತ್ತಿಗೆ ನಾನು ಕೆಳಗಿನ ಬಾಗಿಲು ತೆಗೆದು ಬುಡದಲ್ಲಿ ಬಿದ್ದಿರೋ ಗೋಧಿ ಎಳೆದು ಹಾಕ್ತೀನಿ, ಟೈಮ್ ಉಳಿಯುತ್ತೆ,” ಎಂದ. ಬುಡದ ಬಾಗಿಲು ಅಂದರೆ ಮಂಡಿಯೂರಿ, ತಲೆ ಒಳಗೆ ಹಾಕಿ, ಬಕೆಟ್‌ಗಳ ಕೆಳಗೆ ಕೈ ಚಾಚುವ ಜಾಗ.

ಉಳಿದವರೆಲ್ಲ ಸಹಿ ಹಾಕಿದರು. ವೆಲ್ಡರ್ ಹಾಕಿದ, ಎಲೆಕ್ಟ್ರಿಷಿಯನ್ ಹಾಕಿದ. ಭಾವನ ಹಾಳೆಯಲ್ಲಿ ತಪ್ಪಿರುತ್ತದೆಯೇ? ಪೆನ್ನು ನನ್ನ ಕೈಗೆ ಬಂತು.

“ಬೆಲ್ಟನ್ನ ಹಿಡಿದಿರೋದು ಏನು?” ಎಂದೆ.

“ಮೋಟರಿಗೆ ಬೀಗ ಹಾಕಿರ್ತೀವಲ್ಲ.”

“ಮೋಟರ್ ಬಿಡಿ. ಒಂದು ಕಡೆ ಬಕೆಟ್ ಪೂರ್ತಿ ಗೋಧಿ, ಇನ್ನೊಂದು ಕಡೆ ಖಾಲಿ. ಹಿಂದಕ್ಕೆ ಓಡದ ಹಾಗೆ ತಡೆಯೋ ಬ್ರೇಕು ಗೇರ್‌ಬಾಕ್ಸ್ ಒಳಗಿದೆ. ಜೋಡಣೆ ಬಿಚ್ಚಿದ ಮೇಲೆ ಆ ಬ್ರೇಕಿಗೂ ಬೆಲ್ಟಿಗೂ ಏನು ಸಂಬಂಧ? ಇಡೀ ಭಾರ ಕೆಳಗಿಳಿಯುತ್ತೆ. ಅಲ್ಲಿ ನಿಮ್ಮ ತಲೆ ಇರುತ್ತೆ.” ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಉಗುಳಿದೆ. “ಮೂರನೇ ಕಾಲಂನಲ್ಲಿ ಕೈಗವಸು ಅಂತ ಬರ್ದಿದೀರಿ. ತಲೆಗೆ ಹಾಕ್ಕೊಳ್ತೀರಾ?”

ಯಾರೂ ನಗಲಿಲ್ಲ. ಭಾವನ ಕಿವಿ ಕೆಂಪಾಯಿತು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಮ್ಯಾನೇಜರ್ ಓಡಿಬಂದ. “ಸಹಿ ಆಗಿದೆಯಲ್ಲ, ಹುಷಾರಾಗಿ ಮಾಡಿ ಮುಗಿಸ್ರಪ್ಪ.”

“ಹುಷಾರಾಗಿ ಅನ್ನೋದು ತಡೆ ಅಲ್ಲ,” ಎಂದು ಭಾವ ಅವನ ಮೇಲೆ ಹರಿಹಾಯ್ದು, ನಾನೊಬ್ಬ ಬಿಟ್ಟು ಎಲ್ಲರ ಸಹಿಯಿದ್ದ ಹಾಳೆಯನ್ನು ಅಡ್ಡಡ್ಡ ಹರಿದ. ನನ್ನತ್ತ ತಿರುಗಿಯೂ ನೋಡದೆ ಹೊಸದು ಬರೆಯಲು ಕೂತ. ತುಂಬಿದ ಕಡೆಯ ಬೆಲ್ಟಿಗೆ ಅಡ್ಡಪಟ್ಟಿ ಬಿಗಿದು, ಭಾರ ತಡೆಯುವ ಸರಪಳಿಯಿಂದ ಉಕ್ಕಿನ ಕಂಬಕ್ಕೆ ಕಟ್ಟುವುದು. ಹೊಸ ಗೇರ್‌ಬಾಕ್ಸ್ ಕೂರಿಸಿ ಜೋಡಿಸುವವರೆಗೆ ಅದನ್ನು ಬಿಚ್ಚಕೂಡದು. ಅಲ್ಲಿಯವರೆಗೆ ಬುಡದ ಬಾಗಿಲು ಮುಚ್ಚಿರಬೇಕು, ಹತ್ತಿರ ಯಾರೂ ಸುಳಿಯಬಾರದು. ಬೋಲ್ಟ್ ಬಿಚ್ಚುವವನ ಜಾಗದಲ್ಲಿ ನನ್ನನ್ನು ಬರೆದ. ಸೇಡು ತೀರಿಸಿಕೊಳ್ಳಲು ಅವನಿಗೂ ಬರುತ್ತದೆ.

ಸರಪಳಿ ಬಿಗಿದು, ಮೇಲೆ ಹತ್ತಿ ಬೋಲ್ಟ್‌ಗಳನ್ನು ಒಂದೊಂದಾಗಿ ಬಿಚ್ಚಿದೆ. ಕೊನೆಯದು ಸಡಿಲವಾದಾಗ ಶಾಫ್ಟ್ ಗಕ್ಕನೆ ಹಿಂದಕ್ಕೆ ತಿರುಗಿತು. ಬೆಲ್ಟು ಒಂದು ಗೇಣು ಜಾರಿತು. ಸರಪಳಿ ಸೆಟೆದು ಕಂಬವೇ ಗುಂಯ್‌ಗುಟ್ಟಿತು, ಇಡೀ ತಗಡು ಅದುರಿತು. ಆಮೇಲೆ ಎಲ್ಲ ಸುಮ್ಮನಾಯಿತು. ಕಾಲಡಿಯ ಕಬ್ಬಿಣದ ಜಾಲರಿಯ ಸಂದಿಯಿಂದ ಕೆಳಗೆ ನೋಡಿದೆ. ಭಾವ ದೂರದಲ್ಲಿ ನಿಂತು, ಮುಚ್ಚಿದ ಬುಡದ ಬಾಗಿಲನ್ನೇ ನೋಡುತ್ತಿದ್ದ. ಅಕ್ಕನ ಮುಖ ಕಣ್ಣ ಮುಂದೆ ಬಂತು.

ಭಾವ ಮೇಲೆ ಹತ್ತಿ ಬಂದ.

“ಎಲ್ಲರ ಮುಂದೆ ನನ್ನ ಮಾನ ಕಳೀಬೇಕು ಅಂತ ತಾನೆ ಹೇಳಿದ್ದು?”

“ಹೌದು.”

“ಗೊತ್ತಾಯ್ತು. ಸ್ಪ್ಯಾನರ್ ಕೆಳಗೆ ಬೀಳುತ್ತೆ, ದಾರ ಕಟ್ಟು.”

ಅಷ್ಟೇ. ಧನ್ಯವಾದ ಅನ್ನುವ ಪೈಕಿಯಲ್ಲ. ಅಂದಿನಿಂದ ಇನ್ನಷ್ಟು ಮುಖ ಸಿಂಡರಿಸುತ್ತಾನೆ. ಆದರೆ ಅವನು ಬರೆದ ಪ್ರತಿ ಹಾಳೆಯೂ ಬೇರೆಯವರ ಕೈಗೆ ಹೋಗುವ ಮೊದಲು ನನ್ನ ಬೆಂಚಿನ ಮೇಲೆ ಬಂದು ಬಿದ್ದಿರುತ್ತದೆ. ನಾನು ಹಲ್ಲು ಕಡಿಯುತ್ತ ಓದುತ್ತೇನೆ. ತಪ್ಪು ಸಿಕ್ಕರೆ ಕೆಂಪು ಗೆರೆ ಎಳೆಯುತ್ತೇನೆ, ಬೇಕಾದ್ದಕ್ಕಿಂತ ಸ್ವಲ್ಪ ಉದ್ದಕ್ಕೇ.

ಮೊನ್ನೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಒಬ್ಬರ ಮುಖ ಒಬ್ಬರು ನೋಡದ ನಮ್ಮನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

“ನಿಮ್ಮಿಬ್ಬರದು ಯಾವತ್ತಪ್ಪ ಸರಿಹೋಗೋದು?”

“ಸರಿಹೋಗೋದು ಬೇಡ,” ಎಂದ ಭಾವ, ಗೋಡೆ ನೋಡುತ್ತಲೇ. “ನಿನ್ನ ತಮ್ಮನಿಗೆ ನನ್ನ ಮೇಲೆ ಗೌರವ ಇದ್ದಿದ್ರೆ ಆವತ್ತು ಅವನೂ ಸುಮ್ನೆ ಸಹಿ ಹಾಕಿಬಿಡ್ತಿದ್ದ.”

ಅಕ್ಕನ ಕೈಯಲ್ಲಿದ್ದ ಸೌಟು ನಿಂತಿತು. “ಆವತ್ತು ಅಂದ್ರೆ ಯಾವತ್ತು?” ಎಂದು ಕೇಳಿದಳು.

ನಾನು ಭಾವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಇಬ್ಬರೂ ತಲೆ ತಗ್ಗಿಸಿ ಊಟ ಮುಂದುವರಿಸಿದೆವು.