ಹಿತ್ತಾಳೆ ಕೊಡದ ಹಾಲು

ನಾನು ಸುರಪುರಕ್ಕೆ ಸೊಸೆಯಾಗಿ ಬಂದು ನಾಲ್ಕು ತಿಂಗಳಾಗಿದ್ದಾಗ ಸರಕಾರಿ ಕಚೇರಿಯ ಪೇಶಕಾರರ ಮನೆಯಿಂದ ನಮ್ಮ ಹಾಲು ತಿರುಗಿ ಬಂತು. ನಮ್ಮತ್ತೆ ಹಾಲು ಮಾರಲು ಶುರುಮಾಡಿದಾಗಿನಿಂದ ಹೀಗೆ ಒಮ್ಮೆಯೂ ಆಗಿರಲಿಲ್ಲವಂತೆ. ನಿಜಾಮರ ಆಳಿಕೆಯ ಕೊನೆಯ ವರ್ಷಗಳು ಅವು. ಎಲ್ಲೋ ದೂರದಲ್ಲಿ ಲಡಾಯಿ ನಡೆದಿತ್ತು. ಮನೆಯಲ್ಲಿ ನಾಲ್ಕು ಎಮ್ಮೆ. ಅತ್ತೆ ಹಿಂಡುವವರು, ಮಾವ ಮೇವು ಹಾಕುವವರು, ನಾನು ಪಾತ್ರೆ ತಿಕ್ಕುವವಳು ಮತ್ತು ಹಾಲು ಹೊತ್ತು ಮನೆಮನೆಗೆ ಹಾಕಿ ಬರುವವಳು. ನನ್ನ ಗಂಡ ಯಾದಗಿರಿಯ ಹತ್ತಿ ಗಿರಣಿಯಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಆದ್ದರಿಂದ ಈ ಜಗಳದಲ್ಲಿ ನನ್ನ ಪಕ್ಷ ವಹಿಸುವವರು ಯಾರೂ ಇರಲಿಲ್ಲ.

ಹಾಲು ತಿರುಗಿಸಿದವರು ಪೇಶಕಾರರ ತಾಯಿ. ತಲೆಯ ತುಂಬ ಸೆರಗು ಹೊದ್ದ, ಮಡಿಯ ಮುದುಕಿ. ನಾನು ಸಂಜೆಯ ಹಾಲು ಅಳೆದು ಹಾಕುತ್ತಿದ್ದಂತೆ ಬಗ್ಗಿ ಮೂಸಿದರು.

"ನಮ್ಮ ಮನ್ಯಾಗ ಉಳ್ಳಾಗಡ್ಡಿ ಬರೂದಿಲ್ಲ ಅಂಬೂದು ಗೊತ್ತದೋ ಇಲ್ಲೋ ನಿನಗ?" ಎಂದರು.

"ಗೊತ್ತದರಿ ಬಾಯಾರ."

"ಮತ್ತ ನಿಮ್ಮ ಎಮ್ಮಿಗೆ ಗೊತ್ತಿಲ್ಲೇನು? ಎರಡು ದಿನಾತು, ಸಂಜಿ ಹಾಲೆಲ್ಲಾ ಉಳ್ಳಾಗಡ್ಡಿ ನಾರಾಕತ್ತಾವ. ಮುಂಜಾನಿ ಹಾಲು ಇನ್ನೂ ಒಂದು ಥರಾ. ಹಲ್ಲಾಗ ರೊಕ್ಕ ಕಚ್ಚಿದಂಗ ಆಗ್ತದ."

ಮನೆಗೆ ಬಂದು ಇದನ್ನು ಇದ್ದಂತೆ ಹೇಳಿದೆ. ಅತ್ತೆ ಹಾಲಿನ ಕೊಡವನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ತೀರ್ಪು ಆಗಿಹೋಯಿತು.

"ಪಾತ್ರಿ ಸರಿ ತಿಕ್ಕಿಲ್ಲ ನೀ. ನಿಮ್ಮವ್ವ ಮಗಳಿಗೆ ಹಾಡು ಕಲಿಸ್ಯಾಳ, ಭಾಂಡಿ ತೊಳಿಯೂದು ಕಲಿಸಿಲ್ಲ."

ಹಾಡು ನನಗೆ ಬರುತ್ತಿತ್ತು ನಿಜ. ಆದರೆ ನಮ್ಮವ್ವ ಕೊಡೇಕಲ್ಲಿನಲ್ಲಿ ಎಂಟು ಎಮ್ಮೆ ಕಟ್ಟಿದವಳು. ತೊಳೆಯದ ಪಾತ್ರೆಯ ಹಾಲು ಹೇಗಿರುತ್ತದೆ ಎಂದು ನಾನು ತೊಟ್ಟಿಲಿನಲ್ಲೇ ಕಲಿತಿದ್ದೆ. ಅದು ಹುಳಿಯಾಗುತ್ತದೆ, ಹೊತ್ತೇರಿದಂತೆ ವಾಸನೆ ಹೆಚ್ಚುತ್ತದೆ, ಒಲೆಗೆ ಇಟ್ಟರೆ ಒಡೆಯುತ್ತದೆ. ಉಳಿದಿದ್ದ ಹಾಲನ್ನು ಅತ್ತೆಯ ಎದುರೇ ಒಲೆಗೇರಿಸಿದೆ. ನೊರೆ ತುಂಬಿ ಉಕ್ಕಿ ಬಂತು, ಒಂದು ಹನಿಯೂ ಒಡೆಯಲಿಲ್ಲ. ಅತ್ತೆ ಒಲೆಯ ಕಡೆ ಬೆನ್ನು ಮಾಡಿ ನಿಂತು, "ನಾಳಿಂದ ಇನ್ನಷ್ಟು ಜೋರ್ ತಿಕ್ಕು" ಎಂದರು.

ನಾನು ಜೋರಾಗಿಯೇ ತಿಕ್ಕಿದೆ. ಸಿಟ್ಟನ್ನೆಲ್ಲ ಹುಣಸೆಹಣ್ಣು ಮತ್ತು ಇಟ್ಟಿಗೆ ಪುಡಿಗೆ ಹಾಕಿ ತಿಕ್ಕಿದೆ. ಅತ್ತೆಯ ತವರಿನಿಂದ ಬಂದ ಅಗಲ ಬಾಯಿಯ ಹಿತ್ತಾಳೆ ಕೊಡ ಒಂದಿತ್ತು. ನಾಲ್ಕೂ ಎಮ್ಮೆಯ ಹಾಲನ್ನು ಅದರಲ್ಲೇ ಕೂಡಿಸಿ ಹೊರುವುದು ವಾಡಿಕೆ. ಅದರ ಒಳಗೆ ಕೈ ಇಳಿಸಿ, ಮುಖ ಕಾಣುವಷ್ಟು ಹೊಳೆಯಿಸಿದೆ. ಮರುದಿನ ಮುದುಕಿ ಹೇಳಿದರು: "ಇವತ್ತು ರೊಕ್ಕದ ರುಚಿ ನಿನ್ನಿಗಿಂತ ಹೆಚ್ಚಾಗ್ಯಾದ."

ಆಗ ನನ್ನ ತಲೆ ಓಡತೊಡಗಿತು. ಸಂಜೆಗೊಂದು ಕೆಡುಕು, ಮುಂಜಾನೆಗೊಂದು ಕೆಡುಕು. ಎರಡಕ್ಕೂ ಕಾರಣ ಒಂದೇ ಇರಲಿಕ್ಕಿಲ್ಲ. ಮೊದಲು ಉಳ್ಳಾಗಡ್ಡಿಯದನ್ನು ಹಿಡಿದೆ. ಕುಂಬಾರರ ಮನೆಯಿಂದ ನಾಲ್ಕು ಹೊಸ ಕುಡಿಕೆ ತಂದು, ನೀರು ಹಾಕಿ ನೆನೆಯಿಟ್ಟು, ಆ ಸಂಜೆ ಒಂದೊಂದು ಎಮ್ಮೆಯ ಹಾಲನ್ನು ಒಂದೊಂದರಲ್ಲಿ ಬೇರೆಬೇರೆಯಾಗಿ ಹಿಂಡಿಸಿದೆ. ಅತ್ತೆ, "ಇದೇನು ಆಟ" ಎಂದು ಗೊಣಗುತ್ತಲೇ ಹಿಂಡಿದರು. ಹಾಲು ಇನ್ನೂ ಬಿಸಿಯಿರುವಾಗಲೇ ಮೂಸಿದೆ. ಮೂರು ಕುಡಿಕೆ ಚೆನ್ನಾಗಿದ್ದವು. ನಾಲ್ಕನೆಯದು, ಕೊಂಬು ಮುರಿದ ಎಮ್ಮೆಯದು, ಸಂತೆಯ ದಿನ ಉಳ್ಳಾಗಡ್ಡಿ ಚೀಲ ಬಿಚ್ಚಿದಂತಿತ್ತು. ಕೆಚ್ಚಲಿನಿಂದ ಇಳಿದಾಗಲೇ ನಾತ ಇದ್ದ ಮೇಲೆ ಪಾತ್ರೆಯ ತಪ್ಪಲ್ಲ, ಹೊಟ್ಟೆಯ ತಪ್ಪು.

ಕೊಂಬು ಮುರಿದದ್ದು ಮಾವನ ಮುದ್ದಿನ ಎಮ್ಮೆ. ಮರುದಿನ ಮಧ್ಯಾಹ್ನ ಅವರು ತೋಟದ ಕಡೆಯಿಂದ ಬರುವುದನ್ನು ಹಿತ್ತಲ ಗೋಡೆಯ ಮರೆಯಿಂದ ನೋಡಿದೆ. ಬಿಸಿಲಿನಲ್ಲಿಯೂ ಕಂಬಳಿ ಹೊದ್ದಿದ್ದರು. ಕಂಬಳಿಯ ಕೆಳಗಿನಿಂದ ಹಸಿರು ಸೊಪ್ಪಿನ ತುದಿಗಳು ಇಣುಕುತ್ತಿದ್ದವು. ಕೊಂಬು ಮುರಿದದ್ದು ಅವರನ್ನು ಕಂಡ ಕೂಡಲೇ ಮೂತಿ ಚಾಚಿತು.

"ಮಾವ್ರ, ಉಳ್ಳಾಗಡ್ಡಿ ತಪ್ಪಲೇನ್ರಿ?" ಎಂದು ಕೇಳಿದೆ.

ಮಾವ ಕಂಬಳಿ ಇನ್ನಷ್ಟು ಬಿಗಿಯಾಗಿ ಹೊದ್ದರು. "ಯಾವ ತಪ್ಪಲ?" ಎಂದರು. ಅಷ್ಟರಲ್ಲಿ ಎಮ್ಮೆ ಕಂಬಳಿಗೇ ಬಾಯಿ ಹಾಕಿ ಒಂದು ಕಟ್ಟು ಎಳೆದುಕೊಂಡಿತು. ಅವರು ಸೋತವರಂತೆ ಕುಳಿತರು. "ತೋಟದಾಗ ಉಳ್ಳಾಗಡ್ಡಿ ಕಿತ್ತಾಕತ್ತಾರವ್ವ. ತಪ್ಪಲ ಸುಮ್ಮನ ಬಿದ್ದಿರ್ತದ. ನಾಲ್ಕಕ್ಕೂ ಸಾಕಾಗೂದಿಲ್ಲ ಅಂತ ಇದೊಂದಕ್ಕ ಹಾಕೀನಿ. ನಿಮ್ಮ ಅತ್ತಿಗೆ ಹೇಳಬ್ಯಾಡ. ಎಮ್ಮ್ಯಾಗೂ ಭೇದ ಮಾಡ್ತೀ ಅಂತಾಳ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ತಪ್ಪಲನ್ನು ಸಂಜೆ ಹಿಂಡಿದ ಮೇಲೆಯೇ ಹಾಕಬೇಕು, ಹಿಂಡುವ ಮೊದಲು ಮುಟ್ಟಿಸಬಾರದು ಎಂದು ಕರಾರು ಮಾಡಿಸಿದೆ. ತವರಿನಲ್ಲಿ ಮೆಂತ್ಯದ ಸೊಪ್ಪಿಗೂ ಅದೇ ನಿಯಮವಿತ್ತು. ಹಿಂಡಿದ ಮೇಲೆ ತಿಂದರೆ ಮುಂದಿನ ಹಿಂಡುವ ಹೊತ್ತಿಗೆ ನಾತ ದೇಹದಿಂದ ಹೊರಟುಹೋಗಿರುತ್ತದೆ. ಮಾವ ಒಪ್ಪಿದರು. ಎಮ್ಮೆ ಒಪ್ಪಲಿಲ್ಲ, ಎರಡು ದಿನ ಮಧ್ಯಾಹ್ನ ಕೂಗಿತು. ಮೂರನೆಯ ಸಂಜೆ ಪೇಶಕಾರರ ತಾಯಿ ಮೂಸಿ, "ಈಗ ನಿಮ್ಮ ಎಮ್ಮಿಗೆ ಮಡಿ ಬಂತು ನೋಡು" ಎಂದರು. ಆದರೆ ರೊಕ್ಕದ ರುಚಿ ಹೋಗಿರಲಿಲ್ಲ.

ಆಗ ಚಳಿಗಾಲ. ಮುಂಜಾನೆಯ ಹಾಲು ಮಧ್ಯಾಹ್ನದವರೆಗೂ ಹುಳಿಯಾಗುತ್ತಿರಲಿಲ್ಲ, ಆದರೆ ಹೊತ್ತು ಹೋದಂತೆ ಹಳೆಯ ಕೊಬ್ಬಿನಂಥ ಒಂದು ಮಂಕು ರುಚಿ ಬರುತ್ತಿತ್ತು. ಸಂಜೆ ಹಿಂಡಿದ ಕೂಡಲೇ ಹೊತ್ತೊಯ್ದು ಮುಗಿಸುತ್ತಿದ್ದೆ. ಮುಂಜಾನೆ ದೂರದ ಮನೆಗಳನ್ನೆಲ್ಲ ಸುತ್ತಿ, ಕೊನೆಗೆ ಪೇಶಕಾರರ ಮನೆಗೆ ಬರುವುದು ಹೊತ್ತೇರಿದ ಮೇಲೆ. ಅಷ್ಟು ಹೊತ್ತು ಹಾಲು ಹಿತ್ತಾಳೆಯಲ್ಲಿರುತ್ತಿತ್ತು. ಆ ಮಧ್ಯಾಹ್ನ ಖಾಲಿ ಕೊಡವನ್ನು ಬಿಸಿಲಿಗೆ ಓರೆ ಹಿಡಿದು ಒಳಗೆ ನೋಡಿದೆ. ಬೆಳ್ಳಗಿರಬೇಕಾದ ಒಳಗು ಬಂಗಾರದಂತೆ ಹಳದಿಯಾಗಿ ಹೊಳೆಯುತ್ತಿತ್ತು. ತವರದ ಬಿಳಿ ಲೇಪ, ಕಲಾಯಿ ಎಂಬುದು, ಅಂಚಿನಲ್ಲಿ ಉಗುರಿನಷ್ಟು ಉಳಿದಿತ್ತು. ಲಡಾಯಿಯಿಂದಾಗಿ ತವರ ಸಿಗುವುದಿಲ್ಲ ಎಂದು ಕಲಾಯಿಗಾರ ಒಂದೂವರೆ ವರ್ಷದಿಂದ ಓಣಿಗೆ ಬಂದಿರಲಿಲ್ಲ. ಇದ್ದ ಅಲ್ಪಸ್ವಲ್ಪವನ್ನು ನಾನೇ ಇಟ್ಟಿಗೆ ಪುಡಿ ಹಾಕಿ ತಿಕ್ಕಿ ತೆಗೆದಿದ್ದೆ.

ಕಾರಣ ಸಿಕ್ಕಿತು, ಹೇಳುವ ಬಾಯಿ ಸಿಗಲಿಲ್ಲ. ಆ ಕೊಡದ ಮೇಲೆ ಅತ್ತೆಗೆ ಎಷ್ಟು ಪ್ರೀತಿಯೆಂದರೆ, ಅದಕ್ಕೆ ಸಣ್ಣ ತಗ್ಗು ಬಿದ್ದಾಗ ಅವರು ಒಂದು ಹೊತ್ತು ಊಟ ಬಿಟ್ಟಿದ್ದರಂತೆ. ನಾಲ್ಕು ತಿಂಗಳ ಸೊಸೆ ಅದನ್ನು ಕೆಟ್ಟದ್ದೆಂದರೆ ನೇರವಾಗಿ ತವರಿನ ಗಾಡಿ ಹತ್ತಬೇಕು. ಹೀಗಾಗಿ ಮಾವನನ್ನು ಕೂಡಿಸಿಕೊಂಡೆ. ಅವರ ತಪ್ಪಲಿನ ಗುಟ್ಟು ನನ್ನ ಕೈಯಲ್ಲಿತ್ತಲ್ಲ.

ಮರುದಿನ ಬೆಳಿಗ್ಗೆ ಒಂದೇ ಎಮ್ಮೆಯ, ಒಂದೇ ಸಲ ಹಿಂಡಿದ ಹಾಲನ್ನು ಎರಡು ಪಾಲು ಮಾಡಿದೆ. ಒಂದನ್ನು ಕುಡಿಕೆಯಲ್ಲಿಟ್ಟೆ. ಇನ್ನೊಂದನ್ನು ಹಾಲು ಹಾಕಿ ಬಂದ ಮೇಲೆ ಹಿತ್ತಾಳೆ ಕೊಡವನ್ನು ತೊಳೆದು ಅದರಲ್ಲಿಟ್ಟೆ. ಮಧ್ಯಾಹ್ನ ಊಟವಾದ ಮೇಲೆ ಎರಡು ಮಣ್ಣಿನ ಬಟ್ಟಲಲ್ಲಿ ಹಾಕಿ ಅತ್ತೆಯ ಮುಂದೆ ತಂದೆ. ನಾನು ಕಲಿಸಿದ್ದ ಮಾತನ್ನು ಮಾವ ಹೇಳಿದರು: "ಸೊಸಿ ಅಂತಾಳ, ವಯಸ್ಸಾದ ಮ್ಯಾಲ ನಾಲಿಗಿ ಮೊಂಡಾಗ್ತದಂತ."

ನಾಲಿಗೆಯ ಮಾತನ್ನಷ್ಟೇ ನಾನು ಕಲಿಸಿದ್ದೆ. 'ಸೊಸಿ' ಎಂಬುದು ಅವರದೇ ಸೇರ್ಪಡೆ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಬಟ್ಟಲಿನ ಹಾಲು ಹೆಪ್ಪುಗಟ್ಟಬೇಕಿತ್ತು.

ಮೊದಲ ಬಟ್ಟಲನ್ನು ಕುಡಿದರು. "ಇದು ನಮ್ಮದು. ಸಕ್ಕರಿ ಹಾಕಿದಂಗದ." ಎರಡನೆಯದನ್ನು ಬಾಯಿಗಿಟ್ಟು ಮುಖ ಗಂಟಿಕ್ಕಿದರು, ಇನ್ನೊಂದು ಗುಟುಕು ಕುಡಿದು ಗೆದ್ದವರಂತೆ ಬಟ್ಟಲು ಕೆಳಗಿಟ್ಟರು. "ಇದು ನನ್ನ ನೆಗೆಣ್ಣಿ ಮನಿದು. ಕಣ್ಣು ಕಟ್ಟಿ ಕೊಟ್ಟರೂ ಹೇಳ್ತೀನಿ. ಅಕಿ ಕೈಯಾಗಿನ ಹಾಲಿಗೆ ಈ ರೊಕ್ಕದ ರುಚಿ ಮೊದಲಿಂದ ಅದ."

ನೆಗೆಣ್ಣಿ ಎಂದರೆ ಮಾವನ ತಮ್ಮನ ಹೆಂಡತಿ, ನಮ್ಮ ಸಣ್ಣತ್ತೆ. ಪಾಲಾಗಿ ಓಣಿಯ ತುದಿಯಲ್ಲಿದ್ದು ಅವರೂ ಹಾಲು ಮಾರುತ್ತಿದ್ದರು. ಮಾವನಿಗೆ ತಡೆಯಲಾಗಲಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ತುರುಕಿಕೊಂಡು ನಕ್ಕರು. "ಎರಡೂ ನಮ್ಮ ಎಮ್ಮಿದ ಹಾಲ. ಒಂದು ಮಣ್ಣಾಗ ಇತ್ತು, ಒಂದು ನಿನ್ನ ತವರಮನಿ ಕೊಡದಾಗ."

ಅತ್ತೆ ಎದ್ದು ಹೋಗಿ ಕೊಡವನ್ನು ಬಾಗಿಲ ಬೆಳಕಿಗೆ ತಂದು, ಒಳಗೆ ಕೈ ಹಾಕಿ ನಿಧಾನವಾಗಿ ಸವರಿದರು. ನಾನು ಮನಸ್ಸಿನಲ್ಲಿ ತವರಿನ ಗಾಡಿಯ ಎತ್ತು ಹೂಡುತ್ತಿದ್ದೆ.

"ಕಲಾಯಿ ಹೋಗ್ಯಾದ" ಎಂದರು ಕಡೆಗೆ. "ಯಾಕ ಹೇಳಲಿಲ್ಲ?"

"ಹೆದರಿಕಿ ಬಂತ್ರಿ ಅತ್ತಿ."

"ಹೆದರಿಕಿ ಬಂದವಳು ಮಾವನ ಕಡಿಂದ ನಾಲಿಗಿ ಮೊಂಡು ಅನ್ನಿಸ್ತಾಳೇನು?" ಎಂದರು. ಆದರೆ ಅವರ ತುಟಿಯ ಒಂದು ತುದಿ ಏಳುತ್ತಿತ್ತು. ನಾನು ಅದನ್ನು ಕಂಡೆ.

ಮುಂದಿನ ಬಸ್ಸಿಗೇ ನಾವಿಬ್ಬರೂ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಶಹಾಪುರಕ್ಕೆ ಹೋದೆವು. ಅಲ್ಲೊಬ್ಬ ಕಲಾಯಿಗಾರನ ಬಳಿ ತವರ ಉಳಿದಿದೆ ಎಂದು ಸುದ್ದಿಯಿತ್ತು. ಅವನು ಕೊಡವನ್ನು ತಿರುಗಿಸಿ ನೋಡಿದ. "ತವರ ಖತಂ ಆಗ್ಯಾದ್ರಿ ಅವ್ವಾರ. ಸೀಸ ಕೂಡಿಸಿ ಮಾಡಿಕೊಡಾವ್ರು ಅದಾರ. ಆದರ ಹಾಲು ಹಾಕೂ ಭಾಂಡಿಗೆ ನಾ ಮಾಡೂದಿಲ್ಲ" ಎಂದ. ತವರ ಬರುವವರೆಗೆ ಮಣ್ಣಿನ ಪಾತ್ರೆ ಬಳಸಿ, ದಿನಾ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಿ ಎಂದೂ ಹೇಳಿದ. ಅತ್ತೆ ದಾರಿಯುದ್ದಕ್ಕೂ ಆ ಮನುಷ್ಯನ ಗುಣವನ್ನು ಹೊಗಳಿದರು.

ಹೊಗಳಿದವರು ಮನೆಗೆ ಬಂದು ಮಾಡಿದ್ದನ್ನು ನೋಡಿ. ಸಣ್ಣತ್ತೆ ಆ ಕೊಡವನ್ನು ಒಂದು ವರ್ಷದಿಂದ ಕೇಳುತ್ತಿದ್ದರು, ಅತ್ತೆ ಒಂದು ದಿನಕ್ಕೂ ಕೊಟ್ಟಿರಲಿಲ್ಲ. ಆ ಸಂಜೆ ತಾವಾಗಿಯೇ ಒಯ್ದು, "ತೊಗೋ, ನಾಲ್ಕು ದಿನ ನೀನೂ ಹಾಲು ಹಾಕು" ಎಂದು ಕೊಟ್ಟು ಬಂದರು. ಸಣ್ಣತ್ತೆಗೆ ಕಣ್ಣಲ್ಲಿ ನೀರು ಬಂತಂತೆ. ಅತ್ತೆ ಅದನ್ನು ಹೇಳುವಾಗ ಮೊದಲು ನಕ್ಕರು, ಆಮೇಲೆ ನಗು ನಿಂತಿತು.

ನಾಲ್ಕನೆಯ ದಿನದವರೆಗೆ ಕಾಯಲಾಗಲಿಲ್ಲ ಅವರಿಗೆ. ಎರಡನೆಯ ಮಧ್ಯಾಹ್ನ ಕುಡಿಕೆಯಲ್ಲಿ ನಮ್ಮ ಹಾಲು ಹಿಡಿದು, ನನ್ನನ್ನೂ ಎಳೆದುಕೊಂಡು ಓಣಿಯ ತುದಿಗೆ ನಡೆದರು. ಸಣ್ಣತ್ತೆ ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕುಳಿತಿದ್ದರು. ಮತ್ತಿಬ್ಬರು ವಾಡಿಕೆಯವರು ಹಾಲು ತಿರುಗಿಸಿದ್ದರು.

"ಅಕ್ಕಾ, ಎಮ್ಮಿಗೆ ಏನೋ ದೃಷ್ಟಿ ಆಗ್ಯಾದ" ಎಂದರು ಸಣ್ಣತ್ತೆ.

"ದೃಷ್ಟಿ ಅಲ್ಲ. ಕೊಡ. ಕಲಾಯಿ ಇಲ್ಲ ಅದಕ್ಕ. ನನಗ ಗೊತ್ತಿತ್ತು, ಗೊತ್ತಿದ್ದೂ ಕೊಟ್ಟೆ."

ಬೈಗುಳ ಶುರುವಾಗುತ್ತದೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸಣ್ಣತ್ತೆ ಎದ್ದು ಒಳಗೆ ಹೋಗಿ, ತಮ್ಮ ಹಳೆಯ ಹಿತ್ತಾಳೆ ಪಾತ್ರೆಯನ್ನು ತಂದು ನಮ್ಮೆದುರು ಓರೆ ಹಿಡಿದರು. ಅದರ ಒಳಗೂ ಬಂಗಾರದ ಬಣ್ಣ. "ಇದರಾಗೂ ಇಲ್ಲಲ್ಲ, ಅಕ್ಕಾ. ನಿಂದರಾಗ ಅದ ಅಂತ ತಿಳಿದು ಕೇಳಿದ್ದೆ" ಎಂದರು.

ಮೂವರೂ ಕುಂಬಾರರ ಓಣಿಗೆ ಹೊರಟೆವು. ದಾರಿಯಲ್ಲಿ ಅತ್ತೆ ಸಣ್ಣತ್ತೆಗೆ, "ಮೊದಲಿಂದ ನಿನ್ನ ಹಾಲಿನ ರುಚಿ ನಾ ಗುರುತು ಹಿಡಿದಿದ್ದೆ" ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು.