ಮೆಜೆಸ್ಟಿಕ್ಕಿಗೆ ಬಂದ ಬಾವಿ ನೀರು

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಅಪ್ಪ ಬಾಯಿ ಬಿಟ್ಟು ಕೇಳಿದ್ದು ಒಂದನ್ನೇ: ಕಾನಸೂರಿನ ಮನೆ ಬಾವಿಯ ನೀರು. ಆಗಲೇ ಗುಟುಕು ಇಳಿಯುತ್ತಿರಲಿಲ್ಲ. ಹತ್ತಿ ಅದ್ದಿ ತುಟಿ ಒದ್ದೆ ಮಾಡಿದರೆ ಮುಖ ಸಿಂಡರಿಸುತ್ತಿದ್ದ. ಇಲ್ಲಿನ ನೀರಿಗೆ ಔಷಧಿ ವಾಸನೆಯಂತೆ. ಡಾಕ್ಟರನ್ನು ಕೇಳಿದರೆ, ಏನು ಕೇಳ್ತಾರೋ ಕೊಡಿ ಎಂದರು. ಪಥ್ಯ ಹೇಳುತ್ತಿದ್ದವರು ಹಾಗೆಂದರೆ ಏನರ್ಥವೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಪ್ಪನ ತಂಗಿ, ನನ್ನ ಅತ್ತೆ, ಗಂಡ ಹೋದ ಮೇಲೆ ಆ ಮನೆಯಲ್ಲೇ ಇದ್ದವಳು. ಫೋನ್ ಮಾಡಿ, ಸಣ್ಣ ಬಾಟಲಿಯಲ್ಲಿ ನೀರು ತಗೊಂಡು ರಾತ್ರಿ ಬಸ್ಸಿಗೆ ಬಾ ಎಂದೆ. ನಮ್ಮವರಿಗೆ ಸಣ್ಣದು ಎಂಬ ಅಳತೆಯೇ ಗೊತ್ತಿಲ್ಲ. ಅಣ್ಣನಿಗೆ ಬಾಟಲಿಯಲ್ಲಿ ಕೊಡುವುದೆಂದರೆ ಅವಳಿಗೆ ಅವಮಾನ. ಮಿಂದು, ಒದ್ದೆ ಸೀರೆಯಲ್ಲೇ ಸೇದಿ, ದೊಡ್ಡ ಕ್ಯಾನು ತುಂಬಿದಳು. ಜೊತೆಗೆ ಎರಡು ಕೈಚೀಲ, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ. ಅದನ್ನೆಲ್ಲ ಯಾರು ತಿನ್ನಬೇಕಿತ್ತೋ ದೇವರಿಗೇ ಗೊತ್ತು.

ಬೆಳಗಾಗುತ್ತಲೇ ಫೋನ್ ಬಂತು. ಬರುವಾಗ ಮಗನ ಮೊಬೈಲು ತಂದಿದ್ದಳು. ಅಪ್ಪನ ಜೊತೆ ನಾನೊಬ್ಬನೇ ಇದ್ದುದರಿಂದ ಅವಳನ್ನು ಕರೆತರಲು ಹೋಗುವಂತಿರಲಿಲ್ಲ. ವಾರ್ಡಿನ ಹೊರಗೆ ಕಿಟಕಿಯ ಹತ್ತಿರ ನಿಂತೆ.

"ಕಂಡಕ್ಟರ್ ಮೆಜೆಸ್ಟಿಕ್ ಅಂದ, ಇಳದಾತು. ಈಗ ಎಂತ ಮಾಡವು?"

"ಡಿಕ್ಕಿಯಿಂದ ಚೀಲ ತೆಗೆಸ್ಕ. ಆಟೋದವು ಬಂದು ಚೀಲಕ್ಕೆ ಕೈ ಹಾಕ್ತ, ಕೊಡಡ. ಕೂಲಿಯವ ಸಿಕ್ಕಿದ್ರೆ ಕ್ಯಾನು ಅವಂಗೆ ಕೊಡು."

"ಕ್ಯಾನು ಯಾರ್ಗೂ ಕೊಡ್ತ್ನಿಲ್ಲೆ. ಅಣ್ಣಂಗೆ ಅಂತ ಮಿಂದು ಮಡಿಲಿ ಸೇದಿದ್ದು."

"ಹಾಂಗಾರೆ ಅರ್ಧ ಚೆಲ್ಲು. ಅವಂಗೆ ಬೇಕಾದ್ದು ಒಂದು ಚಮಚ."

ಚೆಲ್ಲಲಿಲ್ಲ. ನೆಲದ ತುಂಬ ಎಲೆಯಡಿಕೆ ಉಗುಳಿದ್ದಾರೆಂದು ಕ್ಯಾನನ್ನು ಕೆಳಗಿಡಲೂ ಒಲ್ಲಳು. ಒಂದು ಬೆಂಚಿನ ಮೇಲಿಟ್ಟು ಹಿಂದೆ ಹೋಗಿ ಚೀಲ ತರುವುದು, ಮತ್ತೆ ಕ್ಯಾನು ಎತ್ತಿಕೊಂಡು ಮುಂದಿನ ಬೆಂಚಿಗೆ. ಫೋನನ್ನು ಕುತ್ತಿಗೆಗೆ ಒತ್ತಿಕೊಂಡಿದ್ದಳೇನೋ, ಏದುಸಿರೇ ಹೆಚ್ಚು ಕೇಳುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತ್ತು. ಇಲ್ಲಿ ಅಪ್ಪ ಬಾಗಿಲು ನೋಡುತ್ತಿದ್ದಾನೆ, ಅಲ್ಲಿ ಇವಳು ಬೆಂಚು ಹುಡುಕುತ್ತಿದ್ದಾಳೆ.

"ಎದುರಿಗೆ ಎಂತ ಕಾಣ್ತು?"

"ಬಸ್ಸೇ ಬಸ್ಸು. ವಿಚಾರಣೆ ಅಂತ ಬೋರ್ಡಿದ್ದು."

"ಅಲ್ಲಿ ರೈಲ್ವೆ ಸ್ಟೇಶನ್ನಿಗೆ ಹೋಗ ದಾರಿ ಕೇಳು. ರಸ್ತೆ ಮೇಲಿಂದ ದಾಟಡ, ಸಬ್‌ವೇ ಇಳಿ. ಆಚೆ ಹತ್ತಿದ್ರೆ ಪ್ರೀಪೇಯ್ಡ್ ಆಟೋ. ಕಿಟಕಿಲಿ ಆಸ್ಪತ್ರೆ ಹೆಸರು ಹೇಳಿದ್ರೆ ಚೀಟಿ ಕೊಡ್ತ."

ಅಷ್ಟರಲ್ಲಿ ನರ್ಸ್ ಬಂದು ನನ್ನ ತೋಳು ಮುಟ್ಟಿದಳು. ಒಳಗೆ ಹೋದೆ. ಫೋನು ಕೈಯಲ್ಲೇ ಇತ್ತು. ಡಾಕ್ಟರು ಅಪ್ಪನ ಎದೆಯಿಂದ ಸ್ಟೆತಸ್ಕೋಪು ತೆಗೆದು, ನನ್ನ ಮುಖ ನೋಡಿ ತಲೆಯಲ್ಲಾಡಿಸಿದರು. ಅಪ್ಪನ ತುಟಿ ಒಣಗಿತ್ತು. ಅದನ್ನು ನೋಡಲಾಗದೆ ಗೋಡೆ ನೋಡಿದೆ.

"ತಮಾ, ಮೆಟ್ಲು ಬಂತು. ಅಣ್ಣ ಎದ್ದಿದ್ನಾ?"

ಅಷ್ಟು ಜನರ ನಡುವೆ, ಅಷ್ಟು ಹೊರೆ ಹೊತ್ತು ಮೆಟ್ಟಿಲ ಅಂಚಿನಲ್ಲಿ ನಿಂತವಳಿಗೆ ಏನು ಹೇಳಲಿ? ಬಿದ್ದುಬಿಟ್ಟರೆ ಎತ್ತುವವರು ಯಾರು? "ನೀನು ಬಪ್ಪದ್ನೇ ಕಾಯ್ತಾ ಇದ್ದ" ಎಂದೆ. ಕಂಬಿ ಹಿಡಿದು ಇಳಿ, ನಿಧಾನಕ್ಕೆ ಇಳಿ ಎಂದೆ. ಸ್ವಲ್ಪ ಹೊತ್ತಿನ ಹಿಂದೆ ಬೇಗ ಬೇಗ ಎಂದು ಗದರುತ್ತಿದ್ದವನೂ ನಾನೇ. ಇನ್ನು ಬೇಗ ಬಂದು ಆಗಬೇಕಾದ್ದೇನೂ ಇರಲಿಲ್ಲ. ಹೆಜ್ಜೆಹೆಜ್ಜೆಗೂ ದಾರಿ ಹೇಳುತ್ತ ಅವಳನ್ನು ಎಲ್ಲಿಗೆ ಕರೆಸಿಕೊಳ್ಳುತ್ತಿದ್ದೆ?

ಸಬ್‌ವೇ ಒಳಗೆ ದನಿ ಕಡಿದು ಹೋಯಿತು. ಮತ್ತೆ ಸಿಕ್ಕಾಗ ಅವಳು ಆಚೆಯ ಮೆಟ್ಟಿಲ ಬುಡದಲ್ಲಿದ್ದಳು, ದನಿಯಲ್ಲಿ ಅಳು ಬಂದಿತ್ತು.

"ಇನ್ನು ಎನ್ನತ್ರ ಆಗ್ತಿಲ್ಲೆ. ನೀ ಹೇಳಿದ್ದೇ ಸಮ. ಅರ್ಧ ಚೆಲ್ತೆ."

ಅಣ್ಣನಿಗೆಂದು ಅಲ್ಲಿಂದ ಹೊತ್ತು ತಂದದ್ದು ಆ ಕೊಳಕು ನೆಲಕ್ಕೆ ಹೋಗುವುದೇ?

"ಚೆಲ್ಲಡ ಅತ್ತೆ," ಎಂದೆ. "ಪೂರಾ ತಗಂಡು ಬಾ."

ಆ ಕಡೆಯಿಂದ ಜನರ ಕಾಲ ಸದ್ದು, ಯಾರೋ ಬಾಚಣಿಗೆ ಮಾರುವವನ ಕೂಗು. ಅದರ ನಡುವೆ ಅವಳ ದನಿ ಬಂತು. ಅಳು ನಿಂತಿತ್ತು.

"ಅಣ್ಣಂಗೆ ಸ್ನಾನ ಮಾಡ್ಸಲೆ ಇಷ್ಟು ನೀರು ಸಾಕಾಗ್ತಾ, ತಮಾ?"

ಸಾಕಾಗ್ತು ಎಂದೆ. ಆಮೇಲೆ, ಮೆಟ್ಟಿಲು ಹತ್ತಿದ ಮೇಲೆ ಆಟೋ ಸಾಲು ಎಲ್ಲಿ ಸಿಗುತ್ತದೆ ಎಂದು ಹೇಳಿದೆ.