ಸೀನಿದ ಮುಖಕ್ಕೆ ಸಂಜೆಯ ಬಿಸಿಲು

ತಿಪಟೂರಿನ ನನ್ನ ಸ್ಟುಡಿಯೋಗೆ ಹೊನ್ನವಳ್ಳಿ ಕಡೆಯ ಒಬ್ಬ ಅಮ್ಮ ಬಂದರು. ಅರವತ್ತರ ಆಸುಪಾಸಿನವರು. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಅವರ ತಂಗಿಯ ಗೃಹಪ್ರವೇಶದ ದಿನ ಮೂವರು ಅಕ್ಕತಂಗಿಯರು ಹೊಸ ಮನೆಯ ಮುಂದೆ ಸಾಲಾಗಿ ನಿಂತಿದ್ದಾರೆ. ಅಕ್ಕ ನಗುತ್ತಿದ್ದಾರೆ, ತಂಗಿ ನಗುತ್ತಿದ್ದಾಳೆ, ನಡುವೆ ಇವರು ಸೀನುತ್ತಿದ್ದಾರೆ. ಕಣ್ಣು ಮುಚ್ಚಿ, ಬಾಯಿ ತೆರೆದು, ಮುಖವೆಲ್ಲ ಮುದುರಿಹೋಗಿದೆ.

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

"ಮೂರು ಜನ ಒಟ್ಟಿಗಿರೋದು ಇದೊಂದೇ ಕಣವ್ವ. ಬೇರೆ ಮುಖ ಹಾಕೋಕಾಯ್ತದಾ?" ಎಂದು ಇನ್ನೊಂದು ಫೋಟೋ ತೋರಿಸಿದರು. ತೋಟದಲ್ಲಿ ತೆಂಗಿನ ಮರದ ನೆರಳಲ್ಲಿ ಕೂತು ನೇರವಾಗಿ ಕ್ಯಾಮೆರಾ ನೋಡುತ್ತಿದ್ದಾರೆ. ಮುಖ ತಿರುಗಿದ ಕೋನ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

"ಆಗುತ್ತೆ, ಕೂತ್ಕೊಳ್ಳಿ ಅಮ್ಮ."

"ಆದ್ರೆ ಬೆಳ್ಳಗೆ ಮಾಡ್ಬೇಡ. ಅಲ್ಲಿ ನಿಂತಿರೋಳು ನಾನೇ ಅನ್ನಿಸ್ಬೇಕು."

ಬರುವವರೆಲ್ಲ ಬೆಳ್ಳಗೆ ಮಾಡಿ ಎನ್ನುವ ಕೆಲಸ ನನ್ನದು. ಹಾಗಾಗಿ ಈ ಮಾತಿಗೇ ನನಗೆ ಕುತೂಹಲ ಹುಟ್ಟಿತು.

ಫೋಟೋಶಾಪಿನಲ್ಲಿ ತೋಟದ ಮುಖ ಕತ್ತರಿಸಿ, ಸೀನಿದ ಮುಖದ ಮೇಲಿಟ್ಟು, ಅಳತೆ ಸರಿಮಾಡಿ, ಬೇಡದ ಭಾಗ ಮರೆಮಾಡುವ ಮಾಸ್ಕಿನಿಂದ ಅಂಚನ್ನು ಮೆದುಗೊಳಿಸಿದೆ. ಮುಖ ಕೂತದ್ದೇನೋ ಸರಿಯಾಗಿತ್ತು. ಬಣ್ಣ ಮಾತ್ರ ಬೇರೆ ಊರಿನದು. ನೆರಳಿನ ಬೆಳಕಲ್ಲಿ ತಂಪು ನೀಲಿ ಇರುತ್ತದೆ, ಎಲೆಗಳ ಹಸಿರೂ ಸೇರಿರುತ್ತದೆ. ಗೃಹಪ್ರವೇಶದ ಫೋಟೋ ಇಳಿಬಿಸಿಲಿನದು, ಹಳದಿ.

ಬಣ್ಣವನ್ನು ತಾನೇ ಹೊಂದಿಸುವ ಮ್ಯಾಚ್ ಕಲರ್ ಎಂಬ ಸೌಲಭ್ಯ ಬಳಸಿದೆ. ಮುಖ ಕೆಂಡದಂತೆ ಕೆಂಪಾಯಿತು. ಅದು ಇಡೀ ಫೋಟೋದ ಬಣ್ಣ ಲೆಕ್ಕ ಹಾಕಿ, ಸೀರೆಗಳ ಕೆಂಪನ್ನೂ ಮುಖಕ್ಕೆ ಬಳಿದಿತ್ತು.

"ಅಯ್ಯೋ, ಅಮ್ಮನೋರು ಮೈಮೇಲೆ ಬಂದಂಗೆ ಕಾಣ್ತೀನಲ್ಲ!" ಎಂದರು ಹಿಂದೆ ನಿಂತು ನೋಡುತ್ತಿದ್ದ ಅಮ್ಮ.

ಅದನ್ನು ತೆಗೆದುಹಾಕಿ ಕೈಯಾರೆ ಮಾಡಲು ಕೂತೆ. ಹೊಸ ಮುಖಕ್ಕಷ್ಟೇ ತಗಲುವಂತೆ, ಬಣ್ಣ ಬೆಳಕು ಏರಿಳಿಸುವ ಕರ್ವ್ಸ್ ಪದರ ಹಾಕಿ, ಹಸಿರು ಇಳಿಸಿ, ಕೆಂಪು ತುಸು ಏರಿಸಿ, ನೀಲಿ ತಗ್ಗಿಸಿದೆ. ಫೋಟೋಶಾಪ್ ತೋರಿಸುವ ಬಣ್ಣದ ಅಂಕಿಗಳಲ್ಲಿ ಸೀನಿದ ಮುಖದ ಹಣೆಯನ್ನು ಹೊಸ ಹಣೆಯ ಜೊತೆ ಹೋಲಿಸಿದೆ. ಹತ್ತಿರ ಬಂದಿದ್ದವು.

"ಈಗ ಹೆಂಗಿದೆ ಅಮ್ಮ?"

ಅವರು ಬಗ್ಗಿ ನೋಡಿದರು. "ಬಣ್ಣ ನಂದೇ. ಆದ್ರೂ ಅಂಟಿಸಿದಂಗೈತೆ."

ನನಗೂ ಹಾಗೇ ಅನಿಸುತ್ತಿತ್ತು. ಹೊಸ ಮುಖವನ್ನು ಮರೆಮಾಡಿ ಹಳೆಯದನ್ನು ದೊಡ್ಡದು ಮಾಡಿದೆ. ಬಿಸಿಲು ಬಿದ್ದ ಕೆನ್ನೆ ಬೆಲ್ಲದ ಬಣ್ಣ. ನೆರಳಿನಲ್ಲಿದ್ದ ಇನ್ನೊಂದು ಕೆನ್ನೆ ಬರೀ ಕಪ್ಪಾಗಿರಬೇಕಿತ್ತು, ಆದರೆ ಅಲ್ಲಿ ನೀಲಿಯ ಅಂಕಿ ಮೇಲೆದ್ದಿತ್ತು. ಕತ್ತಿನಲ್ಲೂ ಅಷ್ಟೇ. ಅದೇ ಪಕ್ಕಕ್ಕೆ ನಿಂತಿದ್ದ ಅಕ್ಕನ ಕಿವಿಯ ಹತ್ತಿರ ಇನ್ನೂ ಹೆಚ್ಚು. ಆಕಾಶದ ನೀಲಿಯಾಗಿದ್ದರೆ ಹಣೆ, ತಲೆಯ ಮೇಲೆ ಬೀಳಬೇಕಿತ್ತು. ಇದು ಪಕ್ಕದಿಂದ, ಕೆಳಗಿನಿಂದ ಬಂದ ಬೆಳಕು. ಫೋಟೋದಲ್ಲಿ ನೀಲಿ ವಸ್ತು ಒಂದೂ ಇರಲಿಲ್ಲ.

"ನಿಮ್ಮಕ್ಕನ ಆ ಕಡೆ ಏನಿತ್ತಮ್ಮ? ನೀಲಿದು?"

ಅವರು ಕಣ್ಣು ಮುಚ್ಚಿ ಯೋಚಿಸಿದರು. "ನೀಲಿದಾ... ಗೋಡೆ ಅಲ್ಲ, ಗೋಡೆಗೆ ಸುಣ್ಣ." ಆಮೇಲೆ ತಟ್ಟನೆ, "ಟಾರ್ಪಾಲು! ಕಾಯಿ ರಾಶಿ ಮೇಲೆ ಹೊದಿಸಿದ್ರು. ಬಿಸಿಲಿಗೆ ಹೊಳೀತಿತ್ತು. ನಿಂಗೆ ಹೆಂಗೆ ಗೊತ್ತಾಯ್ತು?"

"ನಿಮ್ಮ ಕೆನ್ನೇಲಿ ಕಾಣುತ್ತೆ."

ಅವರು ಸ್ಟೂಲು ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದು ಕೂತರು.

ಒಂದೇ ಬಣ್ಣ ಬಳಿದಿದ್ದೇ ತೊಡಕಾಗಿತ್ತು. ಅವರು ಎರಡು ಬೆಳಕಿನ ನಡುವೆ ನಿಂತಿದ್ದರು. ಇನ್ನೆರಡು ಕರ್ವ್ಸ್ ಪದರ ಮಾಡಿದೆ. ಒಂದರಲ್ಲಿ ಕೆಂಪು ಏರಿಸಿ, ನೀಲಿ ಇಳಿಸಿ, ಬೆಳಕು ಹೆಚ್ಚಿಸಿ, ಬಿಸಿಲ ಕಡೆಗಷ್ಟೇ ಮೆದು ಬ್ರಷ್ಷಿನಿಂದ ತೀಡಿದೆ. ಇನ್ನೊಂದರಲ್ಲಿ ಬೆಳಕು ತಗ್ಗಿಸಿ, ನೀಲಿ ಎತ್ತಿ, ಟಾರ್ಪಾಲಿನ ಕಡೆಯ ಕೆನ್ನೆಯಿಂದ ದವಡೆಯವರೆಗೆ ತೆಳುವಾಗಿ. ತೋಟದ ನೆರಳಲ್ಲಿ ಮುಖದ ಮೇಲೆ ಗಾಢವಾದ ನೆರಳುಗೆರೆ ಬೀಳದಿದ್ದದ್ದು ಇಲ್ಲಿ ಅನುಕೂಲಕ್ಕೆ ಬಂತು. ಬೇಕಾದ ಕಡೆ ಬಿಸಿಲು ಬರೆಯಬಹುದಿತ್ತು.

ಫೋಟೋವನ್ನು ಪೂರ್ತಿ ಕಾಣುವಷ್ಟು ಚಿಕ್ಕದು ಮಾಡಿದೆ. ಮೂವರೂ ಒಂದೇ ಸಂಜೆಯಲ್ಲಿ ನಿಂತಿದ್ದರು.

 ಅಮ್ಮ ತಮ್ಮ ಕೈಯನ್ನು ಮಾನಿಟರಿನ ಬೆಳಕಿಗೆ ಹಿಡಿದು, ಆಮೇಲೆ ಬಾಗಿಲ ಬಿಸಿಲಿಗೆ ಚಾಚಿ ನೋಡಿಕೊಂಡರು. "ಮತ್ತೆ ನನ್ನ ನಿಜವಾದ ಬಣ್ಣ ಯಾವುದವ್ವ?"

ನಾನೂ ನನ್ನ ಕೈಯನ್ನು ಬಿಸಿಲಿಗೆ ಚಾಚಿ ನೋಡಿದೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಮೂರು ಪ್ರಿಂಟು ಒಯ್ದರು. ಕೆಲವು ದಿನ ಬಿಟ್ಟು ಫೋನ್ ಬಂತು.

"ನಮ್ಮಕ್ಕ ನೋಡಿದ್ಲು ಕಣವ್ವ. ಎಲ್ರಿಗಿಂತ ನೀನೇ ಚೆನ್ನಾಗಿ ಬಂದಿದ್ದೀಯ ಅಂತಾಳೆ. ನಾನು ಸೀನಿದ್ದು ಅವಳಿಗೆ ನೆನಪೇ ಇಲ್ಲ. ಹೇಳ್ಲಾ, ಬುಡ್ಲಾ?"

"ನಿಮ್ಮಿಷ್ಟ ಅಮ್ಮ."

"ಬುಡು, ಒಂದಷ್ಟು ದಿನ ಹಂಗೇ ಇರ್ಲಿ," ಎಂದು ಗಟ್ಟಿಯಾಗಿ ನಕ್ಕರು.